ತುಮಕೂರಲ್ಲಿ ಬಾಡಿಗೆ ಮನೆಯಲ್ಲೇ ಇರೋದಾ, ಸಾಲ ಮಾಡಿ ಸ್ವಂತ ಮನೆ ತಗೊಳ್ಳೋದಾ?

ಪ್ರಶ್ನೆ: ಗಂಡ ಹೆಂಡತಿ ಇಬ್ಬರೂ ದುಡಿಯುತ್ತೇವೆ. ಈಗ ಬಾಡಿಗೆ 14,000. ನೋಡಿರುವ ಮನೆಗೆ 50 ಲಕ್ಷ. ಬಾಡಿಗೆ ದಂಡ ಅಲ್ವಾ?

ಉತ್ತರ: ಬಾಡಿಗೆಯನ್ನು ಕಂತಿನ ಜೊತೆ ಹೋಲಿಸಬೇಡಿ, ಬಡ್ಡಿಯ ಜೊತೆ ಹೋಲಿಸಿ.

ಈ ಬೆಲೆಯ ಮನೆಗೆ ಬ್ಯಾಂಕು ಹೆಚ್ಚೆಂದರೆ ಶೇ 80 ಕೊಡುತ್ತದೆ, ಅಂದರೆ 40 ಲಕ್ಷ. ಶೇ 8.5 ಬಡ್ಡಿ, 20 ವರ್ಷ ಅಂದುಕೊಂಡರೆ ಕಂತು ಸುಮಾರು 34,700. ಮೊದಲ ಕಂತಿನಲ್ಲಿ 28,300 ಬಡ್ಡಿಗೇ ಹೋಗುತ್ತದೆ. ಅಸಲಿಗೆ ಸೇರುವುದು ಬರೀ 6,400.

ಕೈಯಿಂದ ಹಾಕಬೇಕಾದ್ದು 10 ಲಕ್ಷ ಮಾತ್ರ ಅಲ್ಲ. ಮುದ್ರಾಂಕ ಶುಲ್ಕ, ನೋಂದಣಿಗೆ ಸುಮಾರು 3.8 ಲಕ್ಷ ಬೇಕು. ಇದನ್ನು ಮನೆಸಾಲದಲ್ಲಿ ಸೇರಿಸುವುದಿಲ್ಲ. ಜಾಸ್ತಿ ಜನ ಎಡವುವುದು ಇಲ್ಲೇ: ಕೊನೆಗೆ ಒಡವೆ ಅಡ ಇಡುತ್ತಾರೆ.

ಆ 13.8 ಲಕ್ಷ ಎಫ್‌ಡಿಯಲ್ಲಿದ್ದರೆ ಶೇ 6.5ರಂತೆ ತಿಂಗಳಿಗೆ 7,500 ಬರುತ್ತಿತ್ತು. ಬಡ್ಡಿಗೆ ಇದನ್ನೂ ಕೂಡಿಸಿದರೆ 35,800. ಬಾಡಿಗೆಗಿಂತ ವರ್ಷಕ್ಕೆ 2.6 ಲಕ್ಷ ಹೆಚ್ಚು. ಅಂದರೆ ಮನೆಯ ಬೆಲೆ ವರ್ಷಕ್ಕೆ ಶೇ 5ಕ್ಕಿಂತ ಜಾಸ್ತಿ ಏರಿದರೆ ಮಾತ್ರ ಶುರುವಿನ ವರ್ಷಗಳಲ್ಲಿ ಸರಿಹೋಗುತ್ತದೆ.

ನನ್ನ ಮಾತು ಕೇಳಿದರೆ, ಒಂದು ವರ್ಷ ಬಾಡಿಗೆ ಕಟ್ಟಿ, ಕಂತಿನ ಮೊತ್ತದಲ್ಲಿ ಬಾಡಿಗೆ ಕಳೆದು ಉಳಿಯುವ 20,700 ತಿಂಗಳು ತಿಂಗಳೂ ಆರ್‌ಡಿಗೆ ಹಾಕಿ. ಒಬ್ಬರ ಸಂಬಳದಲ್ಲೇ ಅದು ಸಾಗಿದರೆ ಮನೆ ನೋಡಿ. ಮಗು ಆದಾಗ ಒಂದು ಸಂಬಳ ನಿಲ್ಲಬಹುದು.