ಕಾಸ್ಟ್ ಏರಿಸಿದರೂ ಟ್ರಾಫಿಕ್ ಬ್ಯಾಕಪ್ ಲಿಂಕ್ ಬಿಡುತ್ತಿಲ್ಲ, ಯಾಕೆ?

ಪ್ರಶ್ನೆ: ನಮ್ಮ ಕ್ಯಾಂಪಸ್‌ನಲ್ಲಿ ಐದು ಕಟ್ಟಡಗಳಿವೆ. ದಾರಿ ಆರಿಸಲು ಸ್ವಿಚ್‌ಗಳಲ್ಲಿ ಓಎಸ್‌ಪಿಎಫ್ ಓಡುತ್ತಿದೆ. ಎಲ್ಲದಕ್ಕೂ ಕೋರ್ ಸ್ವಿಚ್‌ನಿಂದ 10 ಜಿಗಾಬಿಟ್ ಫೈಬರ್ ಇದೆ, ಅದು ಏರಿಯಾ 0. ಲೈಬ್ರರಿ ಮತ್ತು ಲ್ಯಾಬ್ ಕಟ್ಟಡಗಳ ನಡುವೆ ನೇರವಾಗಿ ಒಂದು 1 ಜಿಗಾಬಿಟ್ ಬ್ಯಾಕಪ್ ಲಿಂಕ್ ಇದೆ. ಆ ಲಿಂಕ್ ಮತ್ತು ಎರಡೂ ಕಟ್ಟಡಗಳ ವಿಲ್ಯಾನ್‌ಗಳು ಏರಿಯಾ 1ರಲ್ಲಿವೆ. ಲೈಬ್ರರಿಯಿಂದ ಲ್ಯಾಬ್ ಸರ್ವರ್‌ಗೆ ಹೋಗುವ ಟ್ರಾಫಿಕ್ಕೆಲ್ಲ ಬ್ಯಾಕಪ್ ಲಿಂಕ್ ಮೇಲೇ ಹೋಗುತ್ತಿದೆ. ಎರಡೂ ಕಡೆ ಕಾಸ್ಟ್ 1000 ಹಾಕಿದೆ, ಏನೂ ಬದಲಾಗಲಿಲ್ಲ. ಎಲ್ಲಿ ತಪ್ಪಿದೆ?

ಉತ್ತರ: ಕಾಸ್ಟ್ ಹಾಕಿದ್ದರಲ್ಲಿ ತಪ್ಪಿಲ್ಲ, ತಪ್ಪಿರುವುದು ಏರಿಯಾದಲ್ಲಿ. ಆ ಲಿಂಕ್‌ಗೆ ನೀವು 1000 ಅಲ್ಲ, ಗರಿಷ್ಠ ಕಾಸ್ಟ್ 65535 ಹಾಕಿದರೂ ಟ್ರಾಫಿಕ್ ಅಲ್ಲೇ ಹೋಗುತ್ತದೆ.

ಓಎಸ್‌ಪಿಎಫ್ ಮೊದಲು ನೋಡುವುದು ಕಾಸ್ಟ್ ಅಲ್ಲ, ಯಾವ ಬಗೆಯ ರೂಟ್ ಅನ್ನುವುದು. ಒಂದೇ ಏರಿಯಾದ ಒಳಗೇ ಮುಗಿಯುವ ದಾರಿ ಇದ್ದರೆ, ಬೇರೆ ಏರಿಯಾ ಮೂಲಕ ಬರುವ ದಾರಿ ಎಷ್ಟೇ ಅಗ್ಗವಾಗಿದ್ದರೂ ಅದನ್ನು ಪಕ್ಕಕ್ಕಿಡುತ್ತದೆ. ಕಾಸ್ಟ್ ಹೋಲಿಕೆ ನಡೆಯುವುದು ಒಂದೇ ಬಗೆಯ ರೂಟ್‌ಗಳ ನಡುವೆ ಮಾತ್ರ. ಇದಕ್ಕೆ ಕಾರಣವಿದೆ. ತನ್ನ ಏರಿಯಾದ ಪ್ರತಿ ಲಿಂಕ್‌ನ ಪೂರ್ತಿ ನಕ್ಷೆ ರೂಟರ್ ಕೈಯಲ್ಲಿರುತ್ತದೆ. ಹೊರಗಿನ ಏರಿಯಾ ಬಗ್ಗೆ ಮಾತ್ರ ಗಡಿಯ ರೂಟರ್, ಅಂದರೆ ಎಬಿಆರ್, 'ನನ್ನ ಮೂಲಕ ಇಷ್ಟು ಕಾಸ್ಟ್' ಎಂದು ಹೇಳಿದ್ದಷ್ಟೇ ಗೊತ್ತಿರುತ್ತದೆ. ಕಣ್ಣಾರೆ ಕಂಡ ದಾರಿ ಇರುವಾಗ ಕೇಳಿದ ಮಾತನ್ನು ಅದು ನಂಬುವುದಿಲ್ಲ, ಹಾಗೆ ನಂಬಿದರೆ ಲೂಪ್ ಆಗುವ ಅಪಾಯವಿದೆ.

ನಿಮ್ಮ ಲೈಬ್ರರಿ ಸ್ವಿಚ್‌ಗೆ ಲ್ಯಾಬ್ ಸರ್ವರ್ ವಿಲ್ಯಾನ್ ಏರಿಯಾ 1ರ ಒಳಗೇ ಕಾಣಿಸುತ್ತಿದೆ, ಬ್ಯಾಕಪ್ ಲಿಂಕ್ ದಾಟಿದರೆ ಸಿಕ್ಕೇಬಿಡುತ್ತದೆ. ಕೋರ್ ಮೂಲಕ ಹೋಗುವ ದಾರಿ ಏರಿಯಾ 0 ದಾಟುವಂಥದ್ದು. ಪಂದ್ಯ ಅಲ್ಲೇ ಮುಗಿಯಿತು. ಸಿಸ್ಕೊ ಸ್ವಿಚ್‌ನಲ್ಲಿ `show ip route` ಕೊಟ್ಟರೆ ಸುಮಾರಾಗಿ ಹೀಗೆ ಕಾಣಬೇಕು (ಸರ್ವರ್ ನೆಟ್‌ವರ್ಕ್ 10.20.8.0 ಎಂದು ಇಟ್ಟುಕೊಳ್ಳೋಣ):

```
O  10.20.8.0/24 [110/1001] via 10.20.255.1, GigabitEthernet1/0/24
```

1001 ಅಂದರೆ ನೀವು ಹಾಕಿದ 1000, ಜೊತೆಗೆ ಸರ್ವರ್ ವಿಲ್ಯಾನ್‌ನ 1. ಅಂದರೆ ನಿಮ್ಮ ಕಾಸ್ಟ್ ಜಾರಿಗೆ ಬಂದಿದೆ, ಹೋಲಿಸಿ ನೋಡಲು ಇನ್ನೊಂದು ದಾರಿ ಇಲ್ಲ ಅಷ್ಟೆ. ಶುರುವಿನಲ್ಲಿರುವ `O` ಗಮನಿಸಿ, ಅದು ಏರಿಯಾ ಒಳಗಿನ ರೂಟ್. ಕೋರ್ ಮೂಲಕ ಬಂದಿದ್ದರೆ `O IA` ಇರುತ್ತಿತ್ತು.

ಪರಿಹಾರ ಸರಳ. ಬ್ಯಾಕಪ್ ಲಿಂಕನ್ನೇ ಏರಿಯಾ 0ಗೆ ತನ್ನಿ. ಆಗ ಲೈಬ್ರರಿಯಿಂದ ಲ್ಯಾಬ್‌ಗೆ ಎರಡೂ ದಾರಿ ಏರಿಯಾ 0 ಮೂಲಕವೇ ಹೋಗುತ್ತವೆ, ಎರಡೂ ಒಂದೇ ಬಗೆಯವಾಗುತ್ತವೆ, ಆಮೇಲೆ ಕಾಸ್ಟ್‌ಗೆ ಬೆಲೆ ಬರುತ್ತದೆ. ಹಾಗೇ ಲ್ಯಾಬ್‌ನ ವಿಲ್ಯಾನ್‌ಗಳಿಗೆ ಏರಿಯಾ 2 ಎಂದು ಬೇರೆ ನಂಬರ್ ಕೊಡಿ. ಬೇರೆ ಬೇರೆ ಆಗಿಹೋದ ಎರಡು ತುಂಡುಗಳಿಗೆ ಒಂದೇ ನಂಬರ್ ಇದ್ದರೂ ಕೆಲಸ ನಡೆಯುತ್ತದೆ, ಆದರೆ ಮುಂದೆ ಯಾರಾದರೂ ಅಲ್ಲಿ ಸಮ್ಮರಿ ರೂಟ್ ಹಾಕಲು ಹೋದಾಗ ಗೋಜಲಾಗುತ್ತದೆ.

ನನ್ನನ್ನು ಕೇಳಿದರೆ ಐದು ಕಟ್ಟಡಕ್ಕೆ ಏರಿಯಾಗಳೇ ಬೇಡ, ಎಲ್ಲವನ್ನೂ ಏರಿಯಾ 0ರಲ್ಲೇ ಇಟ್ಟುಬಿಡಿ. ಈಗಿನ ಸ್ವಿಚ್‌ಗಳಿಗೆ ಅಷ್ಟು ಚಿಕ್ಕ ನಕ್ಷೆ ಲೆಕ್ಕ ಹಾಕುವುದು ಭಾರವೇ ಅಲ್ಲ. ಏರಿಯಾ ಬೇಕೇ ಬೇಕು ಅಂತಿದ್ದರೆ ಅದು ಕಟ್ಟಡದ ಒಳಗೇ ಮುಗಿಯಲಿ. ಕಟ್ಟಡದಿಂದ ಕಟ್ಟಡಕ್ಕೆ ಹೋಗುವ ಲಿಂಕ್ ಯಾವುದೇ ಇರಲಿ, ಏರಿಯಾ 0ರಲ್ಲೇ ಇರಲಿ.

ಇನ್ನು ಕಾಸ್ಟ್ ವಿಷಯ. ಏರಿಯಾ ಸರಿಮಾಡಿ, ಕಾಸ್ಟ್ 1000 ಹಾಗೇ ಬಿಟ್ಟರೆ ಇವತ್ತಿನ ಸಮಸ್ಯೆ ತೀರುತ್ತದೆ. ಆದರೆ 'ಇನ್ನು ಇದು ಬೇಡ' ಎಂದು ಆ 1000 ತೆಗೆದುಬಿಟ್ಟರೆ ಟ್ರಾಫಿಕ್ ಮತ್ತೆ ಬ್ಯಾಕಪ್‌ಗೇ ಹೋಗುತ್ತದೆ. ಸಿಸ್ಕೊ ಐಒಎಸ್‌ನಲ್ಲಿ ರೆಫರೆನ್ಸ್ ಬ್ಯಾಂಡ್‌ವಿಡ್ತ್ ಮೊದಲಿನಿಂದ ಇರುವುದು 100 ಮೆಗಾಬಿಟ್. ಅದನ್ನು ಲಿಂಕ್‌ನ ವೇಗದಿಂದ ಭಾಗಿಸಿದರೆ ಕಾಸ್ಟ್ ಬರುತ್ತದೆ, 1ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಹೀಗಾಗಿ 1 ಜಿಗಾಬಿಟ್ ಕಾಸ್ಟೂ 1, 10 ಜಿಗಾಬಿಟ್ ಕಾಸ್ಟೂ 1! ಕೋರ್ ಮೂಲಕ ಹೋದರೆ ಎರಡು ಲಿಂಕ್, ಒಟ್ಟು 2. ನೇರ ಲಿಂಕ್ ಆದರೆ 1. ನಿಧಾನದ ದಾರಿಯೇ ಗೆಲ್ಲುತ್ತದೆ.

ಅದಕ್ಕೆ ಎಲ್ಲ ಸ್ವಿಚ್‌ಗಳಲ್ಲೂ ರೆಫರೆನ್ಸ್ ಅನ್ನು 100 ಜಿಗಾಬಿಟ್‌ಗೆ ಏರಿಸಿ. ಕಮಾಂಡ್‌ನಲ್ಲಿ ಸಂಖ್ಯೆ ಮೆಗಾಬಿಟ್ ಲೆಕ್ಕದಲ್ಲಿದೆ:

```
router ospf 1
 auto-cost reference-bandwidth 100000
!
interface GigabitEthernet1/0/24
 no ip ospf cost
 ip ospf 1 area 0
```

ಈಗ 10 ಜಿಗಾಬಿಟ್‌ಗೆ 10, 1 ಜಿಗಾಬಿಟ್‌ಗೆ 100. ಕೋರ್ ದಾರಿ 20, ಬ್ಯಾಕಪ್ 100. ರೆಫರೆನ್ಸ್ ಮಾತ್ರ ಒಂದೂ ಬಿಡದೆ ಎಲ್ಲ ಕಡೆ ಒಂದೇ ಇರಬೇಕು. ಮಧ್ಯೆ ನೆಕ್ಸಸ್ ಸ್ವಿಚ್ ಇದ್ದರೆ ಜಾಸ್ತಿ ಎಚ್ಚರ, ಅದರಲ್ಲಿ ಮೊದಲಿನಿಂದ ಇರುವುದೇ 40 ಜಿಗಾಬಿಟ್, ಹಾಗಾಗಿ ಎರಡೂ ಕಡೆ ಏನೂ ಬದಲಿಸದೆ ಬಿಟ್ಟರೆ ಅದೇ 10 ಜಿಗಾಬಿಟ್ ಲಿಂಕ್‌ಗೆ ಒಂದು ತುದಿಯಲ್ಲಿ 1, ಇನ್ನೊಂದು ತುದಿಯಲ್ಲಿ 4 ಎಂದು ಬರುತ್ತದೆ. ಕಾಸ್ಟ್ ಲೆಕ್ಕಕ್ಕೆ ಬರುವುದು ಪ್ಯಾಕೆಟ್ ಹೊರಡುವ ಕಡೆಯ ಇಂಟರ್‌ಫೇಸ್‌ನಲ್ಲಿ, ಅಲ್ವಾ? ಎರಡು ತುದಿ ಬೇರೆಯಾದರೆ ಹೋಗುವ ದಾರಿ ಒಂದು, ಬರುವ ದಾರಿ ಇನ್ನೊಂದು ಆಗಬಹುದು. ಪಿಂಗ್ ಚೆನ್ನಾಗಿಯೇ ಬರುತ್ತದೆ, ಆದರೆ ನಡುವೆ ಫೈರ್‌ವಾಲ್ ಇದ್ದರೆ ಅರ್ಧ ಸಂಭಾಷಣೆ ಮಾತ್ರ ಕಂಡು ಕನೆಕ್ಷನ್‌ಗಳನ್ನು ಕಡಿದುಹಾಕುತ್ತದೆ. ಟ್ರೇಸ್‌ರೂಟ್ ಎರಡೂ ಕಡೆಯಿಂದ ಕೊಟ್ಟು ನೋಡಿ.

ಇನ್ನೊಂದನ್ನು ಖಂಡಿತ ನೋಡಿ. ಕೋರ್‌ಗೆ ಹೋಗುವ 10 ಜಿಗಾಬಿಟ್ ಪೋರ್ಟ್‌ಗೆ ನೇರವಾಗಿ ಐಪಿ ಕೊಡದೆ ವಿಲ್ಯಾನ್ ಇಂಟರ್‌ಫೇಸ್ ಮೇಲೆ ಕೊಟ್ಟಿದ್ದರೆ, ಸಿಸ್ಕೊ ಸ್ವಿಚ್ ಅದನ್ನು 1 ಜಿಗಾಬಿಟ್ ಎಂದೇ ಎಣಿಸುತ್ತದೆ. ಕೆಳಗೆ ಎಂಥ ಫೈಬರ್ ಇದ್ದರೂ ಅಷ್ಟೇ. ಆಗ ಕೋರ್ ದಾರಿ 200 ಆಗಿ ಬ್ಯಾಕಪ್‌ನ 100 ಮತ್ತೆ ಗೆಲ್ಲುತ್ತದೆ. `show ip ospf interface brief` ಕೊಟ್ಟರೆ ಏರಿಯಾ ಮತ್ತು ಕಾಸ್ಟ್ ಎರಡೂ ಒಂದೇ ಸಾಲಿನಲ್ಲಿ ಸಿಗುತ್ತವೆ. ಅಪ್‌ಲಿಂಕ್ ಮುಂದೆ 100 ಕಂಡರೆ ಆ ಇಂಟರ್‌ಫೇಸ್‌ಗೆ `ip ospf cost 10` ಎಂದು ಕೈಯಾರೆ ಹಾಕಿ, ಕೋರ್ ಕಡೆಯೂ ಹಾಕಿ.

ಬದಲಾವಣೆ ಮಾಡುವಾಗ ಮೊದಲು ರೆಫರೆನ್ಸ್ ಮುಗಿಸಿ, ಅದರಿಂದ ನೆರೆಯ ಸಂಬಂಧ ಕಡಿದುಹೋಗುವುದಿಲ್ಲ, ರೂಟ್‌ಗಳ ಲೆಕ್ಕ ಮತ್ತೆ ನಡೆಯುತ್ತದೆ ಅಷ್ಟೆ. ಏರಿಯಾ ಬದಲಿಸಿದರೆ ಮಾತ್ರ ಸಂಬಂಧ ಕಡಿಯುತ್ತದೆ, ಎರಡೂ ತುದಿ ಒಂದೇ ಏರಿಯಾ ಆಗುವ ತನಕ ಕೂಡಿಕೊಳ್ಳುವುದಿಲ್ಲ. ಹಾಗಾಗಿ ಬ್ಯಾಕಪ್ ಪೋರ್ಟನ್ನು ಮೊದಲು `shutdown` ಮಾಡಿ, ಟ್ರಾಫಿಕ್ ಕೋರ್ ಮೂಲಕ ಸರಾಗವಾಗಿ ಹೋಗುತ್ತಿದೆಯಾ ನೋಡಿ, ಆಮೇಲೆ ಎರಡೂ ತುದಿಯ ಏರಿಯಾ ಬದಲಿಸಿ ಪೋರ್ಟ್ ತೆರೆಯಿರಿ. ಲೈಬ್ರರಿಯಲ್ಲಿ ಈಗ `O IA`, ಮೆಟ್ರಿಕ್ 120 ಕಾಣಬೇಕು: ಎರಡು ಫೈಬರ್‌ಗೆ 20, ಸರ್ವರ್ ವಿಲ್ಯಾನ್‌ಗೆ 100. ಜನ ಕಡಿಮೆ ಇರುವ ಹೊತ್ತಿನಲ್ಲಿ ಲ್ಯಾಬ್‌ನ ಅಪ್‌ಲಿಂಕ್ ಒಮ್ಮೆ ಮುಚ್ಚಿ ನೋಡಿ, ಅದೇ ರೂಟ್ ಬ್ಯಾಕಪ್ ಮೇಲೆ 200 ಆಗಿ ಬರಬೇಕು, ಅಪ್‌ಲಿಂಕ್ ತೆರೆದ ಮೇಲೆ 120ಕ್ಕೆ ಮರಳಬೇಕು.