ಆಂಪಿಸಿಲಿನ್ ಪ್ಲೇಟಲ್ಲಿ ಒಂದೂ ಕಾಲೊನಿ ಇಲ್ಲ

ಪ್ರಶ್ನೆ: ಕಾಸರಗೋಡಿನ ಒಂದು ಕಾಲೇಜು ಲ್ಯಾಬು. ಡಿಎಚ್5ಆಲ್ಫಾ ಎಂಬ ಇ. ಕೋಲಿ ಕೋಶಗಳನ್ನು, ಕಲ್ಚರ್ ಎಷ್ಟು ದಟ್ಟವೆಂದು ಹೇಳುವ ಓಡಿ ಅಳತೆ 0.9 ಇದ್ದಾಗ ತೆಗೆದು, ಕ್ಯಾಲ್ಸಿಯಂ ಕ್ಲೋರೈಡ್ ಕೊಟ್ಟು, ಮೈನಸ್ 20ರಲ್ಲಿ ಹತ್ತು ದಿನ ಇಟ್ಟಿದ್ದೆ. ಡಿಎನ್ಎ ತುಂಡುಗಳನ್ನು ಪ್ಲಾಸ್ಮಿಡಿಗೆ ಜೋಡಿಸಿದ ಲೈಗೇಶನ್ ಹಾಕಿದರೆ ಪ್ಲೇಟು ಖಾಲಿ. ಎಲ್ಲಿ ತಪ್ಪಿತು?

ಲೈಗೇಶನ್ನನ್ನು ಸದ್ಯಕ್ಕೆ ಬದಿಗಿಡಿ. ನೀವು ಬರೆದದ್ದರಲ್ಲೇ ಎರಡು ತಪ್ಪು ಕಾಣುತ್ತವೆ. ಓಡಿ 0.9ಕ್ಕೆ ಬಂದ ಕೋಶಗಳ ಬೆಳವಣಿಗೆಯ ಓಟ ಆಗಲೇ ನಿಧಾನವಾಗಿರುತ್ತದೆ, ಅವು ಡಿಎನ್ಎಯನ್ನು ಸರಿಯಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಇನ್ನು ಮೈನಸ್ 20ರಲ್ಲಿ ಅವುಗಳ ಶಕ್ತಿ ದಿನದಿನಕ್ಕೆ ಇಳಿಯುತ್ತದೆ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದರಂತೂ ಕಥೆ ಮುಗಿಯಿತು. ಮೈನಸ್ 80 ಇಲ್ಲದಿದ್ದರೆ ಮಾಡಿದ ದಿನವೇ ಬಳಸಿ.

ಹೊಸದಾಗಿ ಮಾಡುವಾಗ ರಾತ್ರಿ ಬೆಳೆಸಿದ ಕಲ್ಚರ್ 1 ಮಿ.ಲೀ. ಅನ್ನು 100 ಮಿ.ಲೀ. ಎಲ್‌ಬಿ ಮಾಧ್ಯಮಕ್ಕೆ ಹಾಕಿ 37 ಡಿಗ್ರಿಯಲ್ಲಿ ಶೇಕರ್‌ನಲ್ಲಿಡಿ. ಓಡಿ 0.35–0.4 ಮುಟ್ಟಿದ ಕೂಡಲೇ ಫ್ಲಾಸ್ಕನ್ನು ಐಸಿನಲ್ಲಿ ಇಪ್ಪತ್ತು ನಿಮಿಷ ಕೂರಿಸಿ. ಮೀನು ಮಾರ್ಕೆಟ್ಟಿನ ಐಸಾದರೂ ನಡೆಯುತ್ತದೆ, ಆದರೆ ಗಡ್ಡೆಯಾಗಿಯೇ ಬಿಡಬೇಡಿ. ಪುಡಿ ಮಾಡಿ ಸ್ವಲ್ಪ ನೀರು ಸುರಿದರೆ ಮಾತ್ರ ಗಾಜಿಗೆ ಪೂರ್ತಿ ತಾಗುತ್ತದೆ. ಸೆಂಟ್ರಿಫ್ಯೂಜಿನ ರೋಟರನ್ನೂ 4 ಡಿಗ್ರಿಗೆ ಮೊದಲೇ ತಣಿಸಿಡಬೇಕು. ಹೆಚ್ಚಿನವರು ಮರೆಯುವುದು ಇದನ್ನೇ.

3000 ಜಿಯಲ್ಲಿ ಹತ್ತು ನಿಮಿಷ ತಿರುಗಿಸಿ, ಪೆಲೆಟ್ಟಿಗೆ ತಣ್ಣನೆಯ 0.1 ಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ 20 ಮಿ.ಲೀ. ಹಾಕಿ ಐಸಿನ ಮೇಲೆಯೇ ಮೆಲ್ಲಗೆ ಅಲುಗಿಸಿ ಕರಗಿಸಿ. ವೋರ್ಟೆಕ್ಸ್ ಬೇಡವೇ ಬೇಡ. ಅರ್ಧ ಗಂಟೆ ಬಿಟ್ಟು ಮತ್ತೆ ತಿರುಗಿಸಿದಾಗ ಪೆಲೆಟ್ ಮೊದಲಿನಷ್ಟು ಗಟ್ಟಿ ಇರದೆ ಗೋಡೆಗೆ ಹರಡಿಕೊಂಡು ಸಡಿಲವಾಗಿ ಕಾಣುತ್ತದೆ. ಹಾಗೆ ಕಂಡರೆ ಹೆದರಬೇಡಿ, ಅದು ಒಳ್ಳೆಯ ಲಕ್ಷಣ. ಅದನ್ನು ಅದೇ ದ್ರಾವಣದ 2 ಮಿ.ಲೀ.ಯಲ್ಲಿ ತೆಗೆದುಕೊಳ್ಳಿ, ಫ್ರೀಜ್ ಮಾಡುವುದಿದ್ದರೆ ಶೇ. 15 ಗ್ಲಿಸರಾಲ್ ಸೇರಿಸಿ.

ಈಗ ಪರೀಕ್ಷೆ. 100 ಮೈಕ್ರೋಲೀಟರ್ ಕೋಶಕ್ಕೆ ಆಂಪಿಸಿಲಿನ್ ತಡೆಯುವ ಜೀನ್ ಇರುವ ಪಿಯುಸಿ19 ಪ್ಲಾಸ್ಮಿಡ್ 1 ನ್ಯಾನೋಗ್ರಾಂ ಹಾಕಿ ಅರ್ಧ ಗಂಟೆ ಐಸಿನಲ್ಲಿಡಿ. ಆಮೇಲೆ 42 ಡಿಗ್ರಿಯಲ್ಲಿ 45 ಸೆಕೆಂಡು, ಮತ್ತೆ ಐಸಿನಲ್ಲಿ ಎರಡು ನಿಮಿಷ. ವಾಟರ್‌ಬಾತಿನ ಡಿಸ್‌ಪ್ಲೇ ನಂಬಬೇಡಿ, ನೀರಿಗೆ ಥರ್ಮಾಮೀಟರ್ ಇಳಿಸಿ ನೋಡಿ. 900 ಮೈಕ್ರೋಲೀಟರ್ ಎಲ್‌ಬಿ ಹಾಕಿ ಒಂದು ಗಂಟೆ 37 ಡಿಗ್ರಿಯಲ್ಲಿ ಬೆಳೆಸಿ, 100 ಮೈಕ್ರೋಲೀಟರನ್ನು ಆಂಪಿಸಿಲಿನ್ ಪ್ಲೇಟಿನ ಮೇಲೆ ಹರಡಿ. ಜೊತೆಗೆ ಡಿಎನ್ಎ ಇಲ್ಲದ ಕೋಶಗಳನ್ನು ಒಂದು ಬರೀ ಎಲ್‌ಬಿ ಪ್ಲೇಟಿಗೂ ಒಂದು ಆಂಪಿಸಿಲಿನ್ ಪ್ಲೇಟಿಗೂ ಹಾಕಿ.

ಬರೀ ಎಲ್‌ಬಿಯಲ್ಲೂ ಬೆಳೆಯದಿದ್ದರೆ ಕೋಶಗಳೇ ಸತ್ತಿವೆ. ಅಲ್ಲಿ ಬೆಳೆದು ಪಿಯುಸಿ19 ಪ್ಲೇಟು ಖಾಲಿಯಾದರೆ ಕೋಶ ಕಾಂಪಿಟೆಂಟ್ ಆಗಿಲ್ಲ, ಅಂದರೆ ಡಿಎನ್ಎ ಒಳಗೆ ಬಿಟ್ಟುಕೊಳ್ಳುತ್ತಿಲ್ಲ, ಇಲ್ಲವೇ ಆಂಪಿಸಿಲಿನ್ ಮಿ.ಲೀ.ಗೆ 100 ಮೈಕ್ರೋಗ್ರಾಂಗಿಂತ ತೀರಾ ಹೆಚ್ಚಿದೆ. ಡಿಎನ್ಎ ಇಲ್ಲದ ಆಂಪಿಸಿಲಿನ್ ಪ್ಲೇಟಲ್ಲೂ ಕಾಲೊನಿ ಬಂದರೆ ಔಷಧಿ ಕೆಟ್ಟಿದೆ.

ಪಿಯುಸಿ19 ಪ್ಲೇಟಲ್ಲಿ 80 ಕಾಲೊನಿ ಬಂತೆನ್ನಿ. ಹರಡಿದ್ದು ಹತ್ತನೇ ಒಂದು ಪಾಲು, ಹಾಗಾಗಿ ನ್ಯಾನೋಗ್ರಾಂಗೆ 800, ಮೈಕ್ರೋಗ್ರಾಂಗೆ 8 ಲಕ್ಷ. ಇದ್ದ ಪ್ಲಾಸ್ಮಿಡನ್ನು ಮತ್ತೆ ತುಂಬಲು ಇದು ಧಾರಾಳ. ಲೈಗೇಶನ್ನಿಗೆ ಸಾಲದು, ಏಕೆಂದರೆ ಅದರಲ್ಲಿ ಸರಿಯಾಗಿ ಸುತ್ತು ಮುಚ್ಚಿದ ಡಿಎನ್ಎ ಬಹಳ ಕಡಿಮೆ. ಕೋಟಿಯ ಹತ್ತಿರ ಬಂದ ಬ್ಯಾಚಿಗೆ ಮಾತ್ರ ನಿಮ್ಮ ಲೈಗೇಶನ್ ಹಾಕಿ, ಅದೂ 100 ಮೈಕ್ರೋಲೀಟರ್ ಕೋಶಕ್ಕೆ 5 ಮೈಕ್ರೋಲೀಟರ್‌ಗಿಂತ ಹೆಚ್ಚಿಲ್ಲದಂತೆ.