ಅಪ್ಪನ ದಿನ ಯಾವುದು?

*ಅಪ್ಪ ತೀರಿಕೊಂಡದ್ದು 2022ರ ಜುಲೈ 28ರ ಮಧ್ಯಾಹ್ನ. ಅಂದು ಆಟಿ ಅಮಾವಾಸ್ಯೆ. ಪ್ರತಿ ವರ್ಷ ಆ ದಿನ ಅವರೇ ನಮಗೆಲ್ಲ ಹಾಲೆ ಮರದ ಕಷಾಯ ಕುಡಿಸುತ್ತಿದ್ದರು. ಹೋದ ವರ್ಷ ನಾನು ಪುಣೆಯಲ್ಲಿ 28ಕ್ಕೆ ದೀಪ ಹಚ್ಚಿದೆ. ಊರಲ್ಲಿ ಅಣ್ಣ ನಾಲ್ಕು ದಿನ ಮೊದಲೇ ತಿಥಿ ಮುಗಿಸಿದ್ದ. ನಾನು ತಪ್ಪು ಮಾಡಿದೆನಾ? ಈ ಸಲ ಊರಿಗೆ ಹೋಗುತ್ತೇನೆ. ಊಟಕ್ಕೆ ಮುಂಚೆ ಓದಲು ನಾಲ್ಕು ಮಾತು ಬರೆದುಕೊಡಿ. ಅಮ್ಮ ಅಳುವ ಹಾಗಿರಬಾರದು.*
*— ಓದುಗರೊಬ್ಬರು, ಪುಣೆ (ಊರು ಬದಿಯಡ್ಕ)*

ತಂಗೀ, ನೀವು ಹಚ್ಚಿದ ದೀಪದಲ್ಲಿ ತಪ್ಪೇನೂ ಇಲ್ಲ. ತಾರೀಕು ಮನಸ್ಸಿನಲ್ಲಿ ಕೂತಿರುತ್ತದೆ, ರಜೆ ಕೇಳುವುದಕ್ಕೂ ಸುಲಭ. ಇಷ್ಟು ಒಪ್ಪಿಕೊಂಡು ಹೇಳುತ್ತೇನೆ, ನಾನು ನಿಮ್ಮ ಅಣ್ಣನ ಕಡೆ.

ನಿಮ್ಮ ಅಪ್ಪನ ದಿನವನ್ನೇ ನೋಡಿ. ಆಟಿ ಅಮಾವಾಸ್ಯೆ ಅಂದರೆ ಆಷಾಢದ ಅಮಾವಾಸ್ಯೆ, ಅದು 2023ರಲ್ಲಿ ಜುಲೈ 17ಕ್ಕೆ ಬಂತು. ಹನ್ನೊಂದು ದಿನ ಹಿಂದೆ ಸರಿಯಿತು. ಚಂದ್ರನ ವರ್ಷಕ್ಕೆ ಸುಮಾರು 354 ದಿನ, ಅದಕ್ಕೇ ಹೀಗೆ. ಹೀಗೇ ಸರಿಯುತ್ತಾ ಹೋದರೆ ಅಪ್ಪನ ತಿಥಿ ಒಂದು ದಿನ ಸೆಕೆಗಾಲಕ್ಕೆ ಬಂದು ಕೂರಬೇಕಿತ್ತು, ಅಲ್ವಾ? ಕೂರುವುದಿಲ್ಲ. ಆ ವರ್ಷ ಅಧಿಕ ಶ್ರಾವಣ ಬಂದು ಒಂದು ತಿಂಗಳು ಸೇರಿಕೊಂಡಿತು. 2024ರಲ್ಲಿ ಅಮಾವಾಸ್ಯೆ ಆಗಸ್ಟ್ 4ಕ್ಕೆ ಹೋಯಿತು. 2025ರಲ್ಲಿ ಜುಲೈ 24. ಈ ವರ್ಷ ಅಧಿಕ ಜ್ಯೇಷ್ಠ ಇರುವುದರಿಂದ ಆಗಸ್ಟ್ 12. ತಾರೀಕು ಎಷ್ಟೇ ಓಡಾಡಿದರೂ ಆ ದಿನ ಆಟಿಯ ಮಳೆ ಬಿಟ್ಟು ಹೊರಗೆ ಹೋಗಿಲ್ಲ. ಹಾಲೆ ಮರದ ಬುಡ ಬಿಟ್ಟೂ ಹೋಗಿಲ್ಲ.

ಒಂದು ಸಣ್ಣ ವಿಷಯ. ತಿಥಿ ನಡುರಾತ್ರಿ ಬದಲಾಗುವುದಲ್ಲ, ಹಗಲಲ್ಲೂ ಬದಲಾಗಬಹುದು. ಹಾಗಾಗಿ ಹೋದ ದಿನದ ಜೊತೆ ಹೊತ್ತನ್ನೂ ಬರೆದಿಡಬೇಕು. ನೀವು 'ಮಧ್ಯಾಹ್ನ' ಅಂತ ಬರೆದದ್ದು ಒಳ್ಳೆಯದಾಯಿತು. ನಮ್ಮ ಮಲಯಾಳಿ ನೆರೆಯವರು ತಿಥಿಯ ಬದಲು ನಕ್ಷತ್ರ ನೋಡುತ್ತಾರೆ. ಹಾಗಾಗಿ ಕಾಸರಗೋಡಿನ ಒಂದೇ ಓಣಿಯಲ್ಲಿ ಒಂದೇ ದಿನ ಹೋದ ಇಬ್ಬರ ನೆನಪು ಬೇರೆ ಬೇರೆ ದಿನ ಬರುವುದುಂಟು. ಯಾರೂ ಜಗಳಾಡಿದ್ದು ನಾನು ನೋಡಿಲ್ಲ.

ನನಗೆ ದಿನಕ್ಕಿಂತ ಜಾಸ್ತಿ ಚಿಂತೆ ಹೆಸರಿನದ್ದು. ನನ್ನ ಅಮ್ಮನ ಮೊದಲ ತಿಥಿಯಲ್ಲಿ ಮೂರು ಪಿಂಡ ಇಡಬೇಕಿತ್ತು. ಅಮ್ಮನಿಗೆ, ಅಜ್ಜಿಗೆ, ಅಜ್ಜಿಯ ಅತ್ತೆಗೆ. ತಿಥಿ ಮಾಡಿಸಲು ಬಂದ ಬಟ್ಟಮಾವ ಮೂರನೆಯವರ ಹೆಸರು ಕೇಳಿದರು. ನಾವು ಅಣ್ಣತಮ್ಮಂದಿರು ಮುಖ ಮುಖ ನೋಡಿಕೊಂಡೆವು. ಎಳ್ಳು ನೀರು ಕೈಯಲ್ಲೇ ಇತ್ತು. ಕೊನೆಗೆ ಹಿತ್ತಲಲ್ಲಿ ಬಾಳೆಎಲೆ ತೊಳೆಯುತ್ತಿದ್ದ ಹಳೆಯ ಆಳೊಬ್ಬಳು ಹೆಸರು ಕೂಗಿ ಹೇಳಿದಳು. ಆ ಆಳಿನ ಅಜ್ಜಿಯನ್ನು ನಮ್ಮ ಅಜ್ಜಿಯ ಅತ್ತೆ ಬಾಯ್ತುಂಬ ಕರೆಯುತ್ತಿದ್ದರಂತೆ. ಹೆಸರು ಉಳಿದದ್ದು ಹಾಗೆ. ಕಾಗದದಲ್ಲಿ ಹುಡುಕಿದ್ದರೆ ಸಿಗುತ್ತಿರಲಿಲ್ಲ. ಕನ್ನಡದ ಹೆಸರು ಮಲಯಾಳಕ್ಕೆ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ಹೋಗಿ, ಮನೆಗೆ ಮರಳಿ ಬರುವಾಗ ಬೇರೆ ಯಾರದ್ದೋ ಆಗಿರುತ್ತದೆ. ನನ್ನ ಅಜ್ಜನ ಜಾಗದ ಪತ್ರದಲ್ಲಿ ಅವರ ಹೆಸರಿಗೆ ಬಾಲ ಬಂದಿದೆ. ತಿದ್ದಿಸಲು ಒಂದು ಕಚೇರಿಗೆ ಆರು ಸಲ ಅಲೆದೆ. ಬಾಲ ಇನ್ನೂ ಇದೆ. ಇರಲಿ, ನಿಮ್ಮ ಅಪ್ಪನ ವಿಷಯಕ್ಕೆ ಬರೋಣ.

ಅಪ್ಪನ ತಿಥಿಯಲ್ಲಿ ಅಪ್ಪ, ಅಜ್ಜ, ಮುತ್ತಜ್ಜ ಈ ಮೂವರ ಹೆಸರು ಹೇಳುತ್ತಾರೆ. ಹೋಗುವ ಮೊದಲೇ ಅಮ್ಮನಿಗೆ ಫೋನ್ ಮಾಡಿ ಕೇಳಿಟ್ಟುಕೊಳ್ಳಿ. ಓದಲು ಇದು:

"ಅಪ್ಪಾ, ಇವತ್ತು ಆಟಿ ಅಮಾವಾಸ್ಯೆ. ನೀವು ಕತ್ತಲಿರುವಾಗಲೇ ಎದ್ದು, ಕತ್ತಿ ಬಿಟ್ಟು ಕಲ್ಲಿನಲ್ಲಿ ಜಜ್ಜಿ ಹಾಲೆಯ ಕೆತ್ತೆ ತರುವ ದಿನ. ಕಹಿ ಅಂತ ನಾವು ಓಡುತ್ತಿದ್ದೆವು. ಈಗ ಕರೆಯುವವರಿಲ್ಲ, ನಾವೇ ಬಂದು ಕುಡಿದಿದ್ದೇವೆ. ಅಮ್ಮ ಮೆಂತೆ ಗಂಜಿ ಮಾಡಿದ್ದಾರೆ. ನಿಮ್ಮ ಎಲೆ ಹಾಕಿದ್ದೇವೆ. ಅಜ್ಜನನ್ನೂ ಮುತ್ತಜ್ಜನನ್ನೂ ಹೆಸರು ಹಿಡಿದು ಕರೆದಿದ್ದೇವೆ. ಒಟ್ಟಿಗೆ ಬನ್ನಿ."

ಕೆತ್ತೆ ಮತ್ತು ಗಂಜಿ ನಿಮ್ಮ ಮನೆಯಲ್ಲಿ ಹೇಗೋ ಹಾಗೆ ತಿದ್ದಿಕೊಳ್ಳಿ. ಮರ ಗೊತ್ತಿದ್ದವರೇ ಕೆತ್ತೆ ತರಲಿ. ಹಾಲೆ ಅಂತ ಕಾಸರಕದ ತೊಗಟೆ ತಂದು ಕುಡಿದು ಜೀವ ಕಳಕೊಂಡವರಿದ್ದಾರೆ.

ಅಮ್ಮ ಅಳಬಾರದು ಅಂದಿರಿ. ಅತ್ತರೆ ಅಳಲಿ ಬಿಡಿ, ವರ್ಷಕ್ಕೊಂದು ದಿನ ಅದಕ್ಕೂ ಜಾಗ ಬೇಕು. ಓದುವಾಗ ನಡುವೆ ಬಾಯಿ ಹಾಕಿ "ಗಂಜಿಗೆ ಅವರಿಗೆ ಬೆಲ್ಲ ಜಾಸ್ತಿ ಬೇಕಿತ್ತು" ಅಂತ ಏನಾದರೂ ಅಂದರೆ ಓದುವುದನ್ನು ನಿಲ್ಲಿಸಿ. ಅವರು ಹೇಳಿದ್ದನ್ನು ಅದೇ ಕಾಗದದ ಹಿಂದೆ ಬರೆದುಕೊಳ್ಳಿ.

— ಸಂ.